ತಮಟೆ ಕೆಳಗಿಟ್ಟ ಮೇಲೆ

ನಮ್ಮ ಕುಣಿಗಲ್ ಸೀಮೆಯಲ್ಲಿ ದಾರಿಯಲ್ಲಿ ಒಬ್ಬರು ಎದುರಾದರೆ ಯಾರೂ ನಮಸ್ಕಾರ ಅನ್ನುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಊಟ ಆಯ್ತಾ, ಎತ್ಲಾಗೆ ಹೊಂಟೆ, ಮಂಡಿ ನೋವು ಹೆಂಗೈತೆ, ಹಸ ಕರ ಹಾಕ್ತಾ. ಉತ್ತರ ಬೇಕೆಂದು ಕೇಳುವುದಲ್ಲ. ನೀನು ನನ್ನ ಕಣ್ಣಿಗೆ ಬಿದ್ದಿದ್ದೀಯ ಎಂದು ತಿಳಿಸುವುದಕ್ಕೆ ಕೇಳುವುದು. ಹತ್ತು ಜನ ಒಟ್ಟಿಗೆ ಕೂತಿದ್ದರೆ ಮಾತ್ರ ಈ ಪ್ರಶ್ನೆ ನಡೆಯುವುದಿಲ್ಲ. ಗುಂಪಿಗೆ ಹೊಟ್ಟೆಯಿಲ್ಲ, ಮಂಡಿಯೂ ಇಲ್ಲ. ಗುಂಪಿಗೆ ಕೈ ಮುಗಿಯಬೇಕು, ಅಷ್ಟೇ. ಇಷ್ಟು ತಿಳಿದುಕೊಂಡರೆ ಹುಣಸೆಪಾಳ್ಯದಲ್ಲಿ ಒಂದು ಜೀವಮಾನ ಸಲೀಸಾಗಿ ಕಳೆಯಬಹುದು. ಪುಟ್ಟಗಂಗಮ್ಮನಿಗೂ ಇಷ್ಟೇ ತಿಳಿದಿತ್ತು, ಪಂಚಾಯ್ತಿ ಅಧ್ಯಕ್ಷೆಯಾಗುವವರೆಗೆ ಅದು ಸಾಕಾಗಿಯೂ ಇತ್ತು.

ಅವಳು ಅಧ್ಯಕ್ಷೆಯಾದದ್ದು ತೊಂಬತ್ನಾಲ್ಕರಲ್ಲಿ, ಹೊಸ ಕಾಯಿದೆಯ ಮೀಸಲಾತಿಯಲ್ಲಿ. ಮಾರ್ಕೋನಹಳ್ಳಿ ಕಾಲುವೆಯ ಕೊನೆಯಲ್ಲಿರುವ ಆ ಊರಿನ ಕಾಲೋನಿಯಲ್ಲಿ ಏಳನೇ ಕ್ಲಾಸು ಮುಗಿಸಿದ ಹೆಂಗಸು ಅವಳೊಬ್ಬಳೇ. ಗಂಡ ರಂಗರಾಜು ಸೋದರಮಾವನೇ, ಅದೇ ಊರಿನವನು. ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಲೋಡಿಂಗ್ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೆಂಡತಿ ಅಧ್ಯಕ್ಷೆಯಾದಳೆಂದು ಮಂಡಿಯವರೆಲ್ಲರಿಗೂ ಟೀ ಕುಡಿಸಿ, ಊರಿಗೆ ಬಂದು, ಅವಳ ಮುಖ ನೋಡಿ, "ಏನ್ ಮಾಡ್ಬೇಕಂತೆ ನೀನು?" ಎಂದು ಕೇಳಿದ್ದ. ಅವಳಿಗೂ ಗೊತ್ತಿರಲಿಲ್ಲ.

ಆದರೆ ಒಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಲೋನಿಗೊಂದು ನೀರಿನ ತೊಂಬೆ ಬೇಕು. ನಾಲ್ಕು ನಲ್ಲಿಯ ಸಿಮೆಂಟಿನ ತೊಂಬೆ. ಕಾಲೋನಿಯ ಹೆಂಗಸರು ಸ್ಕೂಲಿನ ಹತ್ತಿರದ ಬೋರಿಗೆ ಬಂದು, ಮೇಲುಬೀದಿಯವರ ಬಿಂದಿಗೆಗಳೆಲ್ಲ ತುಂಬಿದ ಮೇಲೆ ಹ್ಯಾಂಡಲ್ ಮುಟ್ಟುತ್ತಿದ್ದರು. ಯಾರೂ ಬಾಯಿಬಿಟ್ಟು ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಹೇಳದೆಯೇ ನಡೆಯುವ ಸಂಗತಿಗಳೇ ಊರಲ್ಲಿ ಜಾಸ್ತಿ. ಆ ವರ್ಷ ಪಂಚಾಯ್ತಿಗೆ ಒಂದೇ ಒಂದು ತೊಂಬೆ ಮಂಜೂರಾಗಿತ್ತು. ಎಲ್ಲಿ ಕಟ್ಟಬೇಕೆಂದು ಗ್ರಾಮಸಭೆ ತೀರ್ಮಾನಿಸಬೇಕು, ತೀರ್ಮಾನ ಏಪ್ರಿಲ್ ಮುಗಿಯುವುದರೊಳಗೆ ಕುಣಿಗಲ್ ಆಫೀಸು ಸೇರಬೇಕು. ಇಲ್ಲವಾದರೆ ತೊಂಬೆ ಬೇರೆ ಊರಿಗೆ.

ಮೊದಲನೇ ಸಭೆ ಸೇರಿದ್ದು ಫೆಬ್ರವರಿಯಲ್ಲಿ, ಸ್ಕೂಲಿನ ಹೊಂಗೆಮರದ ಕೆಳಗೆ. ಮರ ಎಲೆಯುದುರಿಸಿಕೊಂಡು ಬೋಳಾಗಿತ್ತು. ಕಾರ್ಯದರ್ಶಿ ನಾಗಭೂಷಣ್ ಒಳ್ಳೆಯ ಮನುಷ್ಯ, ಆದರೆ ಕಾಗದದ ಮೇಲೆ ಬರೆಯದೆ ಆಕಳಿಸಿದವನೂ ಅಲ್ಲ. ಅಧ್ಯಕ್ಷರು ಸಭೆಯನ್ನು ಸಂಬೋಧಿಸಬೇಕಲ್ಲ ಎಂದು ಹನ್ನೊಂದು ಹೆಸರಿನ ಪಟ್ಟಿಯನ್ನು ದುಂಡಗೆ ಬರೆದುಕೊಟ್ಟ. ಮೊದಲು ತಾಲ್ಲೂಕಿನಿಂದ ಬಂದ ಅಧಿಕಾರಿ, ಆಮೇಲೆ ಮಾಜಿ ಪ್ರಧಾನರಾದ ಅಣ್ಣಯ್ಯಪ್ಪನವರು, ಆಮೇಲೆ ಸದಸ್ಯರು, ಹೆಡ್ ಮಾಸ್ಟರು, ಡೈರಿ ಸೆಕ್ರೆಟರಿ. ಕೊನೆಗೆ 'ಹಾಗೂ ನೆರೆದಿರುವ ಗ್ರಾಮಸ್ಥರೇ'.

ಪುಟ್ಟಗಂಗಮ್ಮ ನಡುವಿನ ಕುರ್ಚಿಯಲ್ಲಿ ಕೂತೇ ಓದಿದಳು. ಎರಡನೆಯ ಹೆಸರಿಗೇ ಎಡವಟ್ಟಾಯಿತು. ಅಣ್ಣಯ್ಯಪ್ಪನವರು ಇನ್ನೂ ಬಂದಿರಲಿಲ್ಲ. ಅವಳು "ಮಾನ್ಯ ಅಣ್ಣಯ್ಯಪ್ಪನವರೇ" ಎಂದು ಖಾಲಿ ಕುರ್ಚಿಗೆ ಕೈ ಮುಗಿದಳು. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಂದು ಎಡವಟ್ಟು ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಅದು ಹೇಳದೆ ಬಿಟ್ಟ ಹೆಸರು. ಎಂಬತ್ತು ದಾಟಿದ ರುದ್ರಯ್ಯ ಬೆಂಚಿನ ತುದಿಯಲ್ಲಿ ಕೂತಿದ್ದರು. ಇಡೀ ಊರಿಗೆ ಹಿರಿಯರು, ಯಾವ ಹುದ್ದೆಯೂ ಇಲ್ಲದವರು. ಹುದ್ದೆಯಿಲ್ಲದ ಮೇಲೆ ನಾಗಭೂಷಣನ ಪಟ್ಟಿಯಲ್ಲಿ ಜಾಗವೆಲ್ಲಿ? ಹನ್ನೊಂದು ಹೆಸರನ್ನೂ ಕೇಳಿಸಿಕೊಂಡು, ತನ್ನದು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ರುದ್ರಯ್ಯ ಟವೆಲ್ಲು ಕೊಡವಿಕೊಂಡು ಮರದ ಕಡೆ ಮುಖ ತಿರುಗಿಸಿದರು. ಹೆಸರು ಕೂಗದೆ ಇದ್ದಿದ್ದರೆ ಅವರಿಗೇನೂ ಬೇಸರವಾಗುತ್ತಿರಲಿಲ್ಲ. ಉಳಿದವರ ಹೆಸರು ಕೂಗಿದ್ದೇ ಬೇಸರವಾದದ್ದು.

ತೊಂಬೆಯ ವಿಷಯ ಬಾಯಿಗೆ ಬರುವ ಹೊತ್ತಿಗೆ ಕೋಲಿನ ಸದ್ದು ಕೇಳಿಸಿತು. ಟಕ್, ಟಕ್. ಅಣ್ಣಯ್ಯಪ್ಪನವರು ಬರುತ್ತಿದ್ದರು. ಮಂಡಲ ಪಂಚಾಯ್ತಿಯ ಕಾಲದಲ್ಲಿ ಐದು ವರ್ಷ ಪ್ರಧಾನರಾಗಿದ್ದವರು, ಅದಕ್ಕಿಂತ ಮುಂಚೆ ನಲವತ್ತು ವರ್ಷ ಹುದ್ದೆಯಿಲ್ಲದೆಯೂ ಪ್ರಧಾನರಾಗಿದ್ದವರು. ಕೆಟ್ಟವರೇನಲ್ಲ. ಹಸಿದವರಿಗೆ ಅನ್ನ ಹಾಕಿದ ಮನೆತನ. ಆದರೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಮೊದಲು ಬಂದವನು ಬಂದವರನ್ನೆಲ್ಲ ಮಾತಾಡಿಸುತ್ತಾ ಕೂರಬೇಕು, ಕೊನೆಗೆ ಬಂದವನನ್ನು ಎಲ್ಲರೂ ಮಾತಾಡಿಸುತ್ತಾರೆ. ಈ ಲೆಕ್ಕ ಅವರಿಗೆ ರಕ್ತದಲ್ಲೇ ಇತ್ತು.

ಪುಟ್ಟಗಂಗಮ್ಮ ಎದ್ದಳು. ಏಳಬೇಕೆಂದು ಯೋಚಿಸಿ ಎದ್ದದ್ದಲ್ಲ, ಮಂಡಿಗಳು ತಾವಾಗಿಯೇ ಎದ್ದವು. ಸೆರಗು ಭುಜಕ್ಕೆ ಬಂತು, ಕೈ ಮುಗಿಯಿತು, ಬಾಯಿ "ಬನ್ನಿ ಬುದ್ಧಿ" ಅಂದಿತು. ಅಧ್ಯಕ್ಷರೇ ಎದ್ದ ಮೇಲೆ ಇನ್ನೇನು, ಸಭೆಯೆಲ್ಲ ಎದ್ದಿತು. ಅಣ್ಣಯ್ಯಪ್ಪನವರು ಒಬ್ಬೊಬ್ಬರನ್ನೂ ವಿಚಾರಿಸಿಕೊಳ್ಳುತ್ತಾ ಬಂದು, ಖಾಲಿಯಾಗಿದ್ದ ನಡುವಿನ ಕುರ್ಚಿಯಲ್ಲಿ, ಅಂದರೆ ಅವಳ ಕುರ್ಚಿಯಲ್ಲಿ, ಕೂತರು. ಮಳೆಯ ವಿಚಾರ ಎತ್ತಿದರು. ಕಾಲುವೆ ವಿಚಾರ ಎತ್ತಿದರು. ಎಲ್ಲರೂ ಅವರ ಕಡೆ ತಿರುಗಿ ತಲೆಯಾಡಿಸಿದರು. ಕಾಫಿ ಬಂತು. ಪುಟ್ಟಗಂಗಮ್ಮ ಪಟ್ಟಿ ಹಿಡಿದುಕೊಂಡು ಹೊಂಗೆಮರಕ್ಕೆ ಒರಗಿ ನಿಂತಿದ್ದಳು. ಕಾಫಿ ಮುಗಿದ ಮೇಲೆ ಎಲ್ಲರೂ ಎದ್ದು ಹೊರಟರು, ತೊಂಬೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ. ನಾಗಭೂಷಣ್ ನಡಾವಳಿ ಪುಸ್ತಕದಲ್ಲಿ 'ಸಭೆಯನ್ನು ಮುಂದೂಡಲಾಯಿತು' ಎಂದು ದುಂಡಗೆ ಬರೆದ.

ಮನೆಗೆ ಬಂದು ಅವಳು ಒಲೆಯ ಮುಂದೆ ಕೂತು ಅತ್ತಳು. ಅವಮಾನಕ್ಕೆ ಅತ್ತದ್ದಲ್ಲ, ಅಣ್ಣಯ್ಯಪ್ಪನವರ ಮೇಲಿನ ಸಿಟ್ಟಿಗೂ ಅಲ್ಲ. ತನ್ನ ಮಂಡಿಗಳ ಮೇಲೆ ಸಿಟ್ಟು ಬಂದಿತ್ತು.

ಮಾರ್ಚಿನಲ್ಲಿ ತುಮಕೂರಿನಲ್ಲಿ ಅಧ್ಯಕ್ಷೆಯರಿಗೆಲ್ಲ ಮೂರು ದಿನದ ತರಬೇತಿ ನಡೆಯಿತು. ಕಲಿಸಲು ಬಂದವರು ಅರುಣಾ ಮೇಡಂ. ಕನ್ನಡಕ, ಹತ್ತಿಯ ಸೀರೆ, ಮೆತ್ತಗಿನ ಮಾತು. ಸಭೆಯಲ್ಲಿ ಮೊದಲು ಹುದ್ದೆಯವರನ್ನು, ಆಮೇಲೆ ವಯಸ್ಸಾದವರನ್ನು, ಆಮೇಲೆ ಎಲ್ಲರನ್ನೂ ಒಟ್ಟಿಗೆ ಕರೆಯಬೇಕು ಎಂದು ಅವರು ಬೋರ್ಡಿನ ಮೇಲೆ ಬರೆದರು. ಪುಟ್ಟಗಂಗಮ್ಮ ಕೈಯೆತ್ತಿ ಕೇಳಿದಳು: "ಸಭೆ ನಡೀತಿರೋವಾಗ ದೊಡ್ಡೋರು ಬಂದ್ರೆ ಏನ್ ಮಾಡೋದು ಮೇಡಂ?"

"ಅಧ್ಯಕ್ಷರು ಏಳೋ ಹಾಗಿಲ್ಲ. ಬನ್ನಿ ಅಂತ ಹೇಳಿ, ಸಭೆ ಮುಂದುವರಿಸಿ. ಕುರ್ಚಿ ನಿಮ್ಮದಲ್ಲ, ಪಂಚಾಯ್ತಿದು. ನೀವು ಎದ್ರೆ ಪಂಚಾಯ್ತಿ ಎದ್ದ ಹಾಗೆ."

"ಅವ್ರಿಗೆ ಎಪ್ಪತ್ತೈದು ವರ್ಷ ಮೇಡಂ. ನಮ್ಮಪ್ಪನ್ನ ಕೂಸಾಗಿದ್ದಾಗಿಂದ ಕಂಡೋರು."

ಅರುಣಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಕಷ್ಟ ಕಣಮ್ಮ," ಅಂದರು. ಆ ಒಂದು ಮಾತಿಗಾಗಿ ಪುಟ್ಟಗಂಗಮ್ಮನಿಗೆ ಅವರ ಮೇಲೆ ಅಭಿಮಾನ ಹುಟ್ಟಿತು. ಏಳಬಾರದು ಎಂದು ಬೋರ್ಡು ಹೇಳುತ್ತದೆ, ವಯಸ್ಸಾದವರು ನಿಂತಿರುವಾಗ ಕೂತಿರಬಾರದು ಎಂದು ಮಂಡಿ ಹೇಳುತ್ತದೆ. ಎರಡೂ ಸುಳ್ಳಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಅವಳಿಗೆ ಜೋಂಪು ಹತ್ತಿತು. ತೆಂಗಿನ ತೋಟಗಳು ಬಿಸಿಲಲ್ಲಿ ತೇಲುತ್ತಾ ಹಿಂದಕ್ಕೆ ಸರಿಯುತ್ತಿದ್ದವು. ಅರೆನಿದ್ದೆಯಲ್ಲಿ ಎಲ್ಲೋ ದೂರದಿಂದ ಅಪ್ಪನ ಸ್ವರ ಬಂತು. ಮಂಜಿನ ಬೆಳಗು, ಅವಳು ಐದಾರು ವರ್ಷದ ಹುಡುಗಿ, ಕಂಬಳಿಯೊಳಗೆ ಮುದುರಿಕೊಂಡಿದ್ದಾಳೆ. ಕಾಲುವೆ ಏರಿಯ ಮೇಲಿನಿಂದ ತಮಟೆ ಬಡಿಯುತ್ತದೆ, ನಿಲ್ಲುತ್ತದೆ. ಆಮೇಲೆ ಆ ಸ್ವರ, ಉದ್ದಕ್ಕೆ, ಮನೆಮನೆಯ ಹೆಂಚಿನ ಮೇಲೆ ಹಾದುಹೋಗುವ ಹಾಗೆ.

"ಕೇಳ್ರಪ್ಪೋ ಕೇಳಿ... ಊರ ಹಿರೀಕ್ರೇ... ಅಪ್ಪಂದ್ರೇ, ಅವ್ವಂದ್ರೇ... ಅಣ್ಣತಮ್ಮಂದ್ರೇ, ಅಕ್ಕತಂಗೇರೇ... ತೊಟ್ಲಾಗಿರೋ ಕೂಸ್ನವರ್ಗೂ ಕೇಳಿ..."

ಕಂಬಳಿಯೊಳಗಿನ ಹುಡುಗಿಗೆ ಆ ಮಾತಿನಲ್ಲಿ ತಾನೂ ಇದ್ದೇನೆ ಅನ್ನಿಸುತ್ತಿತ್ತು. ತೊಟ್ಟಿಲು ದಾಟಿದ್ದೇನೆ, ಆದರೂ ಎಲ್ಲೋ ನಡುವೆ ಇದ್ದೇನೆ. ಇಷ್ಟು ದೊಡ್ಡ ಊರನ್ನು ಅಪ್ಪ ಒಂದೇ ಉಸಿರಿನಲ್ಲಿ ಎಬ್ಬಿಸಿ ಕೂರಿಸುತ್ತಿದ್ದ. ಬಸ್ಸು ಕುಲುಕಿ ಅವಳಿಗೆ ಎಚ್ಚರವಾದಾಗ ಕುಣಿಗಲ್ ಕೆರೆ ಬೆಳ್ಳಗೆ ಹೊಳೆಯುತ್ತಾ ಕಣ್ಣ ಮುಂದಿತ್ತು.

ಅವಳ ಅಪ್ಪ ಕಾಳಯ್ಯ ಮೂವತ್ತು ವರ್ಷ ಊರಿಗೆ ಸಾರಿದವನು. ಕಾಲುವೆಗೆ ನೀರು ಬಿಡುತ್ತಾರೆ, ಕಂದಾಯ ಕಟ್ಟಬೇಕು, ದನಕ್ಕೆ ಸೂಜಿ ಹಾಕುತ್ತಾರೆ, ಯಾವುದಿದ್ದರೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಎರಡು ವರ್ಷದ ಹಿಂದೆ ಕಾಲೋನಿಯ ಹುಡುಗರು, "ಸಾಕು ಬುಡು ತಾತ, ಬೇಕಿದ್ರೆ ಅವ್ರೇ ನೋಟೀಸ್ ಅಂಟುಸ್ಕೊಳ್ಲಿ," ಎಂದು ತಮಟೆಯನ್ನು ಗೋಡೆಗೆ ನೇತುಹಾಕಿಸಿದ್ದರು. ಅವರು ಹೇಳಿದ್ದು ಸರಿಯೆಂದು ಕಾಳಯ್ಯನಿಗೂ ಗೊತ್ತಿತ್ತು. ಆದರೂ ವಾರಕ್ಕೊಮ್ಮೆ ಅದನ್ನು ಇಳಿಸಿ, ಬಿಸಿಲಿಗೆ ಹಿಡಿದು, ಎರಡು ಸಲ ಮೆಲ್ಲಗೆ ಬಡಿದು, ಮತ್ತೆ ನೇತುಹಾಕುತ್ತಿದ್ದ.

ಆ ಸಾಯಂಕಾಲ ಅವನು ಹಾಗೆ ಜಗಲಿಯ ಮೇಲೆ ತಮಟೆ ಹಿಡಿದು ಕೂತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು.

"ಬಂದ್ಯಾ ಮಗ? ಏನಾರ ತಿಂದ್ಯಾ?" ಅಂದ. ದಿನಾ ಕೇಳುವ ಮಾತು ಅದು. ಅವಳು ಮದುವೆಯಾಗಿ ನಾಲ್ಕು ಮನೆಯಾಚೆ ಹೋಗಿ ಹದಿನೈದು ವರ್ಷವಾಗಿದ್ದರೂ ಅವಳನ್ನು ಕಂಡ ತಕ್ಷಣ ಅವನ ಬಾಯಿಗೆ ಬರುವುದು ಅದೊಂದೇ. ಆದರೆ ಅವಳು ಅಧ್ಯಕ್ಷೆಯಾದ ಮೇಲೆ ಆಫೀಸಿನ ಹತ್ತಿರ ಕಂಡರೆ ಮಾತ್ರ ಆ ಮಾತನ್ನು ನುಂಗಿಕೊಂಡು ಕೈ ಮುಗಿಯುತ್ತಿದ್ದ. ಅದನ್ನು ಕಂಡಾಗಲೆಲ್ಲ ಅವಳು ಮುಖ ತಿರುಗಿಸಿಕೊಂಡು ಬೇಗ ಬೇಗ ಒಳಗೆ ಹೋಗಿಬಿಡುತ್ತಿದ್ದಳು.

"ಅಪ್ಪ," ಅಂದಳು. "ನೀನು ಸಾರೋವಾಗ ಪ್ರಧಾನ್ರು ಎದ್ರಿಗೆ ಬಂದ್ರೆ ಏನ್ ಮಾಡ್ತಿದ್ದೆ?"

"ಬರೋರು. ಬೀದಿ ಅಂದ್ಮೇಲೆ ಬರ್ದೆ ಇರ್ತಾರಾ?"

"ಕೈ ಮುಗೀತಿದ್ಯಾ?"

ಕಾಳಯ್ಯ ನಕ್ಕ. ಮುಂದಿನ ಹಲ್ಲು ಎರಡು ಇರಲಿಲ್ಲ. "ಯಾವ ಕೈಲಿ ಮುಗೀಲಿ? ಒಂದ್ ಕೈಲಿ ದಪ್ಪ ಕಡ್ಡಿ, ಒಂದ್ ಕೈಲಿ ಸಣ್ಣ ಕಡ್ಡಿ. ತಮಟೆ ಹೆಗಲ್ ಮೇಲಿರೋಗಂಟ ಕೈ ನಂದಲ್ಲ ಕಣವ್ವ, ಊರಿಂದು. ಸಾರ್ತಾ ಸಾರ್ತಾ ನಡ್ದೋಗ್ತಿದ್ದೆ, ಅವ್ರೇ ವಸಿ ಪಕ್ಕಕ್ ಸರ್ಕೊಂಡು ಕೇಳುಸ್ಕೊಳ್ಳೋರು."

"ಕೋಪ ಮಾಡ್ಕೊಳ್ತಿರ್ಲಿಲ್ವಾ?"

"ಯಾಕ್ ಮಾಡ್ಕೊಂಡಾರು? ಸಾರಿ ಮುಗುಸ್ಬುಟ್ಟು, ತಮಟೆ ಕೆಳಗಿಟ್ಟು, ಅವ್ರ ಹಟ್ಟಿ ಮುಂದಕ್ಕೆ ನಾನೇ ಹೋಗ್ತಿದ್ದೆ. ಬುದ್ಧಿ, ಊಟ ಆಯ್ತಾ, ಮಂಡಿ ನೋವು ಹೆಂಗೈತೆ ಅಂತಿದ್ದೆ. ಅದು ನಂದು. ಸಾರೋದು ಊರಿಂದು." ಅವನು ತಮಟೆಯ ಚರ್ಮವನ್ನು ಅಂಗೈಯಿಂದ ಸವರಿದ. "ಎರಡುನ್ನೂ ಕಲಸ್ಬಾರ್ದು ಅಷ್ಟೇಯ."

"ಮತ್ತೆ ಹೆಸ್ರು ಯಾಕೆ ಕೂಗ್ತಿರ್ಲಿಲ್ಲ? ಬರೀ ಹಿರೀಕ್ರೇ, ಅಪ್ಪಂದ್ರೇ ಅಂತಿದ್ದೆ."

"ಒಬ್ರ ಹೆಸ್ರು ಕೂಗುದ್ರೆ ಇನ್ನೊಬ್ರ ಹೆಸ್ರು ಕೂಗ್ಬೇಕು. ನೂರು ಹೆಸ್ರು ಕೂಗಿ ನೂರಾ ಒಂದುನ್ನ ಬುಟ್ರೆ ಆ ಮನೆ ಮುಂದೆ ನಡ್ಯಂಗಿಲ್ಲ. ಹಿರೀಕ್ರೇ ಅಂದ್ರೆ ಆಯ್ತು. ಯಾರ್ಯಾರ್ಗೆ ಅದು ತಮ್ದು ಅನ್ನುಸ್ತದೋ ಅವ್ರೇ ಎತ್ಕತಾರೆ."

ಅಪ್ಪ ಓದಿದವನಲ್ಲ, ಹೆಬ್ಬೆಟ್ಟಿನವನು. ಅರುಣಾ ಮೇಡಂ ಬೋರ್ಡಿನ ಮೇಲೆ ಬರೆಯದೆ ಬಿಟ್ಟ ಅರ್ಧ ಸಾಲು ಅವನ ಹತ್ತಿರ ಇತ್ತು. ಅವಳಿಗೆ ಅಪ್ಪನ ಮೇಲೆ ಎಂದೂ ಇಲ್ಲದಷ್ಟು ಹೆಮ್ಮೆಯಾಯಿತು. ಅದನ್ನು ಹೇಳುವುದು ಹೇಗೆಂದು ತಿಳಿಯದೆ, "ತಮಟೆ ಒಳಗಿಡು, ಇಬ್ಬನಿ ಬಿದ್ದಾತು," ಅಂದಳು.

ಎರಡನೇ ಸಭೆ ಏಪ್ರಿಲ್ ಮೂರನೇ ವಾರ ಸೇರಿತು. ಅದು ತಪ್ಪಿದರೆ ಇನ್ನೊಂದಕ್ಕೆ ದಿನವಿರಲಿಲ್ಲ. ಅಷ್ಟರಲ್ಲಿ ಹೊಂಗೆ ಚಿಗುರಿ, ಮರದ ತುಂಬ ಹೂವಾಗಿತ್ತು. ಗಾಳಿಯೇ ಇಲ್ಲದಿದ್ದರೂ ಹೂ ಸುಮ್ಮನೆ ಉದುರುತ್ತಿತ್ತು, ಜಮಖಾನದ ಮೇಲೆ, ಬೆಂಚಿನ ಮೇಲೆ, ತಲೆಗಳ ಮೇಲೆ. ಜನ ಬಂದಂತೆಲ್ಲ ತಲೆ ಕೊಡವಿಕೊಂಡು ಕೂತರು, ಕೂತ ಮೇಲೆ ಮತ್ತೆ ಹೂ ಬಿತ್ತು, ಆಮೇಲೆ ಕೊಡವಿಕೊಳ್ಳುವುದನ್ನೇ ಬಿಟ್ಟರು. ಜೇನುಹುಳುಗಳ ಸದ್ದು ಎಲ್ಲರ ಮಾತಿನ ಕೆಳಗೆ ಒಂದೇ ಸಮ ಹರಿಯುತ್ತಿತ್ತು. ಪುಟ್ಟಗಂಗಮ್ಮನಿಗೆ ಇದೆಲ್ಲ ಆ ಬಸ್ಸಿನ ಜೋಂಪಿನಲ್ಲೇ ಇನ್ನೂ ನಡೆಯುತ್ತಿದೆಯೇನೋ ಅನ್ನಿಸಿತು.

ನಾಗಭೂಷಣ್ ಹೊಸ ಪಟ್ಟಿ ತಂದಿದ್ದ. ರುದ್ರಯ್ಯನವರ ಹೆಸರು ಸೇರಿಸಿ ಹನ್ನೆರಡಾಗಿತ್ತು. ಅವಳು ಅದನ್ನು ಮಡಿಸಿ ಅವನಿಗೇ ಕೊಟ್ಟಳು. "ಇದು ಬ್ಯಾಡ. ನಡಾವಳಿ ಪುಸ್ತಕ ಕೊಡಿ."

"ಅದು ಬರೆಯೋಕೆ ನಂಗೆ ಬೇಕಲ್ಲಮ್ಮ."

"ಕೊಡ್ತೀನಿ. ಬರೆಯೋ ಹೊತ್ತಿಗೆ ಕೊಡ್ತೀನಿ."

ಕೆಂಪು ಬಟ್ಟೆಯ ಬೈಂಡಿನ ಆ ಪುಸ್ತಕ ಒಳ್ಳೆ ಮಣೆಯಷ್ಟು ದಪ್ಪ. ಅದನ್ನವಳು ಮೇಜಿನ ಮೇಲಿಟ್ಟು, ತನ್ನ ಕುರ್ಚಿಯಲ್ಲಿ ಕೂರದೆ, ಮೇಜಿನ ಮುಂದಕ್ಕೆ ಬಂದು ನಿಂತಳು. ಸಾರುವವನು ಯಾವತ್ತಾದರೂ ಕೂತು ಸಾರಿದ್ದುಂಟೆ? ನಿಂತವಳು ಇನ್ನೊಮ್ಮೆ ಏಳಬೇಕಾಗಿಯೂ ಇಲ್ಲ. ಬೆಂಚಿನ ಮೇಲೆ ರುದ್ರಯ್ಯ ಮತ್ತು ಒಂದಿಬ್ಬರು ಮುದುಕರು, ಜಮಖಾನದ ಮೇಲೆ ಗಂಡಸರು, ಬಲಕ್ಕೆ ಹೆಂಗಸರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕಡೆ ಕುರ್ಚಿಯಲ್ಲಿ ತಾಲ್ಲೂಕಿನ ಅಧಿಕಾರಿ. ಎಲ್ಲರಿಗಿಂತ ಹಿಂದೆ, ಚಪ್ಪಲಿಗಳ ರಾಶಿಯ ಆಚೆ, ಕಾಂಪೌಂಡಿಗೆ ಒರಗಿಕೊಂಡು ಕಾಳಯ್ಯ ನಿಂತಿದ್ದ. ಊರಲ್ಲಿ ಯಾವ ಸಭೆ ಸೇರಿದರೂ ಅವನು ನಿಲ್ಲುವ ಜಾಗ ಅದೇ. ಅಷ್ಟು ವರ್ಷ ಊರನ್ನು ಸಭೆಗೆ ಕರೆಯುತ್ತಿದ್ದವನೇ ಅವನು, ಆದರೆ ಕರೆಸಿಕೊಂಡವನಲ್ಲ.

ಅವಳು ಕಣ್ಣನ್ನು ಬೆಂಚಿನಿಂದ ಶುರುಮಾಡಿ ಕಾಂಪೌಂಡಿನವರೆಗೆ ನಿಧಾನವಾಗಿ ಹರಿಸಿದಳು. ಯಾರ ಮುಖದ ಮೇಲೂ ನಿಲ್ಲಿಸಲಿಲ್ಲ, ಯಾರನ್ನೂ ದಾಟಿ ಹಾರಿಸಲಿಲ್ಲ. ಆಮೇಲೆ ಹೇಳಿದಳು.

"ಊರ ಹಿರೀಕ್ರೇ. ಅಪ್ಪಂದ್ರೇ, ಅವ್ವಂದ್ರೇ. ಅಣ್ಣತಮ್ಮಂದ್ರೇ, ಅಕ್ಕತಂಗೇರೇ. ಊರಿಗೆ ಕೆಲಸದ ಮೇಲೆ ಬಂದಿರೋ ಸಾಹೇಬ್ರೇ. ತೊಟ್ಲಾಗಿರೋ ಕೂಸ್ನವರ್ಗೂ ಎಲ್ರಿಗೂ ನಮಸ್ಕಾರ."

ಒಂದೇ ಸಲ ಕೈ ಮುಗಿದಳು. ಆ ಮಾತು ಎಲ್ಲರ ಕಿವಿಯಲ್ಲೂ ಎಷ್ಟೋ ವರ್ಷದಿಂದ ಇದ್ದದ್ದು. ಎಲ್ಲಿ ಕೇಳಿದ್ದೆವು ಎಂದು ನೆನಪಿಸಿಕೊಳ್ಳುವವರ ಹಾಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬೆಂಚಿನ ಮೇಲೆ ರುದ್ರಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡು, ಅದರ ಮೊದಲ ಮಾತು ತಮ್ಮದೆಂಬ ಖಾತ್ರಿಯಿಂದ, ಎರಡೂ ಕೈ ಜೋಡಿಸಿದರು. ಜಮಖಾನದ ಮೇಲೆ ಕೈಗಳು ಒಂದೊಂದಾಗಿ ಮೇಲೆದ್ದವು. ಒಬ್ಬ ತಾಯಿ ತೊಡೆಯ ಮೇಲಿನ ಕೂಸಿನ ಕೈ ಹಿಡಿದು ಜೋಡಿಸಿದಳು. ಕಾಂಪೌಂಡಿನ ಹತ್ತಿರ ಕಾಳಯ್ಯ ಮಾತ್ರ, ಈ ನಮಸ್ಕಾರ ತನ್ನ ಹಿಂದೆ ನಿಂತಿರುವ ಯಾರಿಗೋ ಬಂತೆಂದುಕೊಂಡು, ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

ಪುಟ್ಟಗಂಗಮ್ಮ ಅದನ್ನು ಕಂಡಳು. ಮೂವತ್ತು ವರ್ಷ ಈ ಮನುಷ್ಯ ಊರಿನವರೆಲ್ಲ ಕೇಳಿ ಎಂದು ಕೂಗಿದ್ದಾನೆ, ಆ ಎಲ್ಲರಲ್ಲಿ ತಾನು ಇದ್ದೇನೆಯೇ ಎಂದು ಒಂದು ದಿನವೂ ಕೇಳಿಕೊಂಡಿಲ್ಲ. ಅವಳು ಬೇಗ ಬೇಗ ಪುಸ್ತಕವನ್ನು ಎತ್ತಿ ಎರಡೂ ತೋಳಲ್ಲಿ ಎದೆಗೆ ಅವುಚಿಕೊಂಡಳು.

ತೊಂಬೆಯ ಮಾತು ಶುರುವಾಯಿತು. ಕಾಲೋನಿಯಲ್ಲಿ ಎಷ್ಟು ಮನೆ, ಬೋರಿಗೆ ಎಷ್ಟು ದೂರ, ಹೆಂಗಸರು ಎಷ್ಟು ಹೊತ್ತು ಕಾಯುತ್ತಾರೆ, ಎಲ್ಲ ಹೇಳಿದಳು. ಮೇಲುಬೀದಿಯವರೊಬ್ಬರು ನಮ್ಮ ಬೀದಿಗೂ ಬೇಕು ಅಂದರು. ಮಾತು ಅತ್ತಿತ್ತ ಆಡುತ್ತಿತ್ತು. ಆಗ ಟಕ್, ಟಕ್, ಕೋಲಿನ ಸದ್ದು.

ಅಣ್ಣಯ್ಯಪ್ಪನವರು ಗೇಟಿನಲ್ಲಿ ಬಂದು ಒಂದು ಗಳಿಗೆ ನಿಂತರು, ಯಾವತ್ತೂ ನಿಲ್ಲುವ ಹಾಗೆ, ಸಭೆ ತಮ್ಮನ್ನು ನೋಡಿಕೊಳ್ಳಲಿ ಎಂದು. ಜಮಖಾನದ ಮೇಲೆ ಕೂತವರು ಏಳಲು ನೆಲಕ್ಕೆ ಕೈಯೂರಿದರು. ಮೇಜಿನ ಹಿಂದೆ ನಡುವಿನ ಕುರ್ಚಿ ಖಾಲಿಯಿತ್ತು, ಅಣ್ಣಯ್ಯಪ್ಪನವರ ಕಣ್ಣು ಅದನ್ನು ಆಗಲೇ ಕಂಡಿತ್ತು. ಪುಟ್ಟಗಂಗಮ್ಮನ ಕೈಗಳು ಅಭ್ಯಾಸದಂತೆ ಜೋಡಿಸಿಕೊಳ್ಳಲು ಎಳೆದವು. ಪುಸ್ತಕ ಅಡ್ಡವಿತ್ತು. ಅದನ್ನವಳು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬನ್ನಿ ಪ್ರಧಾನ್ರೇ," ಅಂದಳು. "ಊರ ಹಿರೀಕ್ರಿಗೆ ಮೊದ್ಲೇ ನಮಸ್ಕಾರ ಹೇಳಾಗೈತೆ. ಅದ್ರಲ್ಲಿ ನಿಮ್ಮದೂ ಐತೆ. ಕಾಲೋನಿ ತೊಂಬೆ ವಿಚಾರ ನಡೀತೈತೆ, ಕೂತ್ಕೊಂಡು ನೀವೂ ಹೇಳಿ."

ಅಣ್ಣಯ್ಯಪ್ಪನವರ ಕೋಲು ನಿಂತಿತು. ಒಂದಿಬ್ಬರು ಅರ್ಧ ಎದ್ದು, ಏಳುವುದೋ ಕೂರುವುದೋ ತಿಳಿಯದೆ ಹಾಗೆಯೇ ಬಗ್ಗಿ ನಿಂತರು.

"ಕೂತ್ಕಳ್ರಲಾ," ಅಂದರು ರುದ್ರಯ್ಯ. "ಸಭೆ ನಡೀತೈತೆ ಕಾಣಾಕಿಲ್ವಾ?" ಆಮೇಲೆ ಬೆಂಚಿನ ಮೇಲೆ ಒಂದು ಗೇಣು ಸರಿದು, ಬಿದ್ದಿದ್ದ ಹೂವನ್ನು ಟವೆಲ್ಲಿನಿಂದ ಒರೆಸಿದರು. "ಬಾ ಅಣ್ಣಯ್ಯಪ್ಪ. ಹಿರೀಕ್ರು ಇಲ್ಲಿದ್ದೀವಿ."

ಊರಿನಲ್ಲಿ ಅಣ್ಣಯ್ಯಪ್ಪನವರನ್ನು ಬಾ ಎಂದು ಕರೆಯಬಲ್ಲ ಜೀವ ಅದೊಂದೇ ಉಳಿದಿತ್ತು. ಅವರು ಖಾಲಿ ಕುರ್ಚಿಯನ್ನು ನೋಡಿದರು, ಬೆಂಚನ್ನು ನೋಡಿದರು. ಆಮೇಲೆ ಕೋಲೂರಿಕೊಂಡು ಬಂದು, ರುದ್ರಯ್ಯನ ಪಕ್ಕ ಮೆಲ್ಲಗೆ ಕೂತರು. ಹೂ ಅವರ ತಲೆಯ ಮೇಲೂ ಬಿತ್ತು.

"ಏನ್ ವಿಚಾರ?" ಎಂದು ಪಕ್ಕದವರನ್ನು ಕೇಳಿದರು.

"ತೊಂಬೆ," ಅಂದರು ರುದ್ರಯ್ಯ.

ಇನ್ನೂ ಅರ್ಧ ಗಂಟೆ ಮಾತು ನಡೆಯಿತು. ಕೊನೆಗೆ ಕೈಯೆತ್ತಿ ಎಂದಾಗ ಹೆಂಗಸರ ಕೈಗಳು ಮೊದಲು ಮೇಲೆದ್ದವು, ಮೇಲುಬೀದಿಯ ಹೆಂಗಸರದ್ದೂ ಸೇರಿ. ಬೋರಿನ ಹತ್ತಿರ ಕಾಯುವವರನ್ನು ದಿನಾ ನೋಡುತ್ತಿದ್ದವರು ಅವರೇ ತಾನೆ. ಬೆಂಚಿನ ಮೇಲೆ ರುದ್ರಯ್ಯನ ಕೈ ಎದ್ದಿತು. ಅಣ್ಣಯ್ಯಪ್ಪನವರು ಸ್ವಲ್ಪ ಹೊತ್ತು ಕೋಲಿನ ಹಿಡಿಯನ್ನು ನೋಡುತ್ತಿದ್ದು, ಎಲ್ಲರಿಗಿಂತ ಕೊನೆಗೆ, ಕೈಯೆತ್ತಿದರು. ಅಲ್ಲೂ ಕೊನೆಗೇ. ನಾಗಭೂಷಣ್ ಎಣಿಸಿ, "ಬಹುಮತ ಆಯ್ತು," ಅಂದ. ಪುಟ್ಟಗಂಗಮ್ಮ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ ಅವನ ಮುಂದಿಟ್ಟಳು. ತೊಂಬೆ ಕಾಲೋನಿಗೆ ಎಂದು ಅವನು ದುಂಡಗೆ ಬರೆದ. ಅವಳು ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಕೈಗಳು ಖಾಲಿಯಾದವು. ತೋಳು ನೋಯುತ್ತಿತ್ತು. ಅವಳು ನೇರ ಬೆಂಚಿನ ಹತ್ತಿರ ಹೋದಳು.

ಮೊದಲು ರುದ್ರಯ್ಯನವರ ಮುಂದೆ ಬಗ್ಗಿ, "ಕಣ್ಣಿಗೆ ಹನಿ ಬಿಟ್ಕೋತಿದ್ದೀರಾ ತಾತ?" ಅಂದಳು. ಆಮೇಲೆ ಅಣ್ಣಯ್ಯಪ್ಪನವರ ಮುಂದೆ ನಿಂತು ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಈ ಸಲ ಮಂಡಿಯೂ ಅವಳದೇ, ಕೈಯೂ ಅವಳದೇ.

"ಪ್ರಧಾನ್ರೇ, ಮಂಡಿ ನೋವು ಹೆಂಗೈತೆ?"

ಅವರು ತಲೆಯೆತ್ತಿ ಅವಳನ್ನು ನೋಡಿದರು. ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಒಬ್ಬರು ಎದುರಿಗೆ ಬಂದು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಆ ಮನೆತನದಲ್ಲಿ ಇಲ್ಲ. "ಅಂಗೇ ಐತೆ ಕಣಮ್ಮ," ಅಂದರು. ಆಮೇಲೆ ಕೋಲಿನಿಂದ ಹೂವನ್ನು ಕೆದಕುತ್ತಾ, "ನಿಮ್ಮಪ್ಪ ಸಾರ್ದಂಗೇ ಸಾರ್ದೆಯಂತಲ್ಲ. ರುದ್ರಯ್ಯ ಹೇಳುದ್ರು. ಕೇಳ್ಬೇಕು ಅಂದ್ರೆ ಇನ್ಮೇಲೆ ವಸಿ ಬೇಗ ಬರ್ಬೇಕು ಅನ್ನು," ಅಂದರು.

"ಬನ್ನಿ," ಅಂದಳು.

ಜನ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಅವಳು ಅವರ ನಡುವೆ ದಾರಿ ಮಾಡಿಕೊಂಡು ಕಾಂಪೌಂಡಿನ ಹತ್ತಿರ ಬಂದಳು. ಕಾಳಯ್ಯ ಅಲ್ಲೇ ನಿಂತಿದ್ದ. ಅಧ್ಯಕ್ಷರು ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬೆನ್ನು ಬಗ್ಗಿಸಿದ. ಕೈಗಳನ್ನು ಮುಗಿದ. ಕೂದಲ ತುಂಬ ಹೊಂಗೆ ಹೂವಿತ್ತು, ಅವನಿಗೆ ಗೊತ್ತಿರಲಿಲ್ಲ.

ಪುಟ್ಟಗಂಗಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಖಾಲಿ ಅಂಗೈಗಳನ್ನು ಅವನಿಗೆ ತೋರಿಸಿದಳು.

"ತಮಟೆ ಕೆಳಗಿಟ್ಟಿದ್ದೀನಿ ಕಣಪ್ಪ," ಅಂದಳು.

ಕಾಳಯ್ಯ ಆ ಅಂಗೈಗಳನ್ನು ನೋಡಿದ, ದೂರದಲ್ಲಿ ಮೇಜಿನ ಮೇಲಿದ್ದ ಪುಸ್ತಕವನ್ನು ನೋಡಿದ, ಮತ್ತೆ ಅಂಗೈಗಳನ್ನು ನೋಡಿದ. ಮುಗಿದ ಕೈಗಳು ನಿಧಾನವಾಗಿ ಬಿಚ್ಚಿಕೊಂಡವು.

"ಏನಾರ ತಿಂದ್ಯಾ ಮಗ?" ಅಂದ.